ಬಾಸೆ: ಮರೆತುಹೋದ ಒಂದು ಮಾತು

ನಮ್ಮ ಯಗಟಿಯಿಂದ ತಾಲ್ಲೂಕು ಕಚೇರಿಯ ಕೆಲಸಕ್ಕೆಂದು ಕಡೂರಿಗೆ ಹೋಗಿಬರುವವರು ಬಹಳ ಮಂದಿ. ಆ ಊರಿನಲ್ಲಿ ಸಾವಿರ ವರ್ಷಕ್ಕೂ ಹಿಂದಿನ ಒಂದು ಹೆಣ್ಣಿನ ಹೆಸರು ಕಲ್ಲಿನ ಮೇಲೆ ಉಳಿದಿದೆ ಎಂಬುದನ್ನು ಬಲ್ಲವರು ಕಡಮೆ. ಆಕೆಯ ಹೆಸರು ಪಾಂಬಬ್ಬೆ. ಗಂಗರ ದೊರೆ ಬೂತುಗನ ಅಕ್ಕ. ಬೂತುಗನೆಂದರೆ 949ರಲ್ಲಿ ತಕ್ಕೋಲದ ಕಾಳಗದಲ್ಲಿ ಚೋಳರ ರಾಜಾದಿತ್ಯನನ್ನು ಕೊಂದು ಹೆಸರಾದವನು. ತಮ್ಮನ ಕಥೆಯಲ್ಲಿ ಆನೆ, ಕುದುರೆ, ರಕ್ತ ಎಲ್ಲವೂ ಉಂಟು. ಅಕ್ಕನ ಕಥೆ ಶಾಸನದಲ್ಲಿ ನಾಲ್ಕು ಮಾತಿನಲ್ಲಿ ಮುಗಿಯುತ್ತದೆ: ತಲೆಯ ಕೂದಲನ್ನು ಕಿತ್ತುಕೊಂಡು, 30 ವರ್ಷ ತಪಸ್ಸು ಮಾಡಿ, ಐದು ವ್ರತಗಳನ್ನು ಪಾಲಿಸಿ, 971ರಲ್ಲಿ ದೇಹ ಬಿಟ್ಟಳು. ರೈಸ್ ಸಾಹೇಬರು ಕಡೂರು ಜಿಲ್ಲೆಯ ಶಾಸನಗಳ ಸಂಪುಟದಲ್ಲಿ ಇದನ್ನು ಅಚ್ಚು ಮಾಡಿಸಿದ್ದಾರೆ.

971ರಿಂದ 30 ವರ್ಷ ಹಿಂದಕ್ಕೆ ಎಣಿಸಿದರೆ 941 ಬರುತ್ತದೆ. ಅದು ಪಂಪನು ಆದಿಪುರಾಣವನ್ನು ಬರೆದು ಮುಗಿಸಿದ ವರ್ಷ. ನೀಲಾಂಜನೆಯ ನೃತ್ಯವನ್ನು ಕಂಡು ವೈರಾಗ್ಯ ತಾಳಿದ ಆದಿದೇವನು ತನ್ನ ಕೇಶವನ್ನು ಐದು ಹಿಡಿಯಲ್ಲಿ ಕಿತ್ತು ದೀಕ್ಷೆ ಪಡೆದ ಕಥೆ ಕನ್ನಡಕ್ಕೆ ಬಂದದ್ದು ಆ ಕಾವ್ಯದಿಂದ. ಅದೇ ಹೊತ್ತಿಗೆ ನಮ್ಮ ಸೀಮೆಯ ಒಬ್ಬ ಅರಸುಮನೆತನದ ಹೆಣ್ಣು ತನ್ನ ಕೈಯಿಂದಲೇ ಆ ಕೆಲಸ ಮಾಡುತ್ತಿದ್ದಳು. ಒಂದಕ್ಕೂ ಇನ್ನೊಂದಕ್ಕೂ ನಂಟು ಕಟ್ಟುವುದು ನನ್ನ ಉದ್ದೇಶವಲ್ಲ. ಕಾಲ ಕೂಡಿಬಂದಿದೆ, ಅಷ್ಟೆ.

ಈ ಕೆಲಸಕ್ಕೆ ಜೈನರು ಕೇಶಲೋಚ ಎನ್ನುತ್ತಾರೆ. ಶ್ರವಣಬೆಳಗೊಳದಲ್ಲಿ ಇಂದಿಗೂ ಅದನ್ನು ನೋಡಬಹುದು. ಕತ್ತಿಯಿಲ್ಲ, ಕತ್ತರಿಯಿಲ್ಲ, ನೀರಿಲ್ಲ. ಬೆರಳು ಜಾರದಂತೆ ಸ್ವಲ್ಪ ಬೂದಿಯನ್ನು ಹಚ್ಚಿಕೊಂಡು, ಕೆಲವೇ ಕೂದಲನ್ನು ಒಮ್ಮೆಗೆ ಹಿಡಿದು, ಬೇರುಸಹಿತ ಎಳೆಯುತ್ತಾರೆ. ಆ ದಿನ ಉಪವಾಸ. ಎರಡು ತಿಂಗಳಿಗೊಮ್ಮೆ ಮಾಡಿದರೆ ಉತ್ತಮ, ಮೂರು ತಿಂಗಳಿಗಾದರೆ ಮಧ್ಯಮ, ನಾಲ್ಕು ತಿಂಗಳು ಕೊನೆಯ ಗಡಿ. ಮುನಿಗಳಿಗೆ ತಲೆ, ಮೀಸೆ, ಗಡ್ಡ; ಆರ್ಯಿಕೆಯರಿಗೆ ತಲೆ. ಕಾರಣವನ್ನು ಕೇಳಿದರೆ ತರ್ಕಬದ್ಧವಾಗಿ ಹೇಳುತ್ತಾರೆ. ಕೂದಲು ಬೆಳೆಸಿದರೆ ಹೇನು ಆಗುತ್ತದೆ, ಬಾಚಿದರೆ ಹಿಂಸೆ. ಕ್ಷೌರ ಮಾಡಿಸಿದರೆ ಇನ್ನೊಬ್ಬನ ಹಂಗು, ಅವನಿಗೆ ಕೊಡಲು ಕಾಸು. ಎರಡೂ ಬೇಡವಾದವನಿಗೆ ಉಳಿದ ದಾರಿ ತನ್ನ ಕೈ.

ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಸಂಸಾರ ಬಿಟ್ಟವರು ಕೀಳುವುದು ಲೋಕವು ಚೆಲುವೆಂದು ಕೊಂಡಾಡುವ ತಲೆಗೂದಲನ್ನು. ಎದೆಯ ಮೇಲೆ, ಕಂಕುಳಲ್ಲಿ, ಕಾಲ ಮೇಲೆ ಬೆಳೆದದ್ದು ಹಾಗೆಯೇ ಇರುತ್ತದೆ. ಅದರ ಗೊಡವೆಗೆ ಅವರು ಹೋಗುವುದಿಲ್ಲ. ಸಂಸಾರದಲ್ಲಿರುವವರು ಮಾಡುವುದು ಇದರ ತಿರುವುಮುರುವು: ತಲೆಯದನ್ನು ಎಣ್ಣೆ ಹಾಕಿ ಸಾಕುತ್ತಾರೆ, ಮೈಯದನ್ನು ತೆಗೆಯಲು ಪಾಡುಪಡುತ್ತಾರೆ. ಪಾಂಬಬ್ಬೆಯ ತಲೆಯನ್ನು ಬೋಳು ಮಾಡಿದ್ದು ಅವಳದೇ ಬೆರಳು. ಬೇರೆಯವರು ಹೇಳಿ, ಬೇರೆಯವರ ಕತ್ತಿಯಿಂದ ಬೋಳಾದ ತಲೆಗಳ ಕಥೆಯನ್ನು ಎಂ.ಕೆ. ಇಂದಿರಾ ಅವರು 1976ರಲ್ಲಿ ‘ಫಣಿಯಮ್ಮ’ದಲ್ಲಿ ಬರೆದಿದ್ದಾರೆ, ಪ್ರೇಮಾ ಕಾರಂತರು ಅದನ್ನು ಚಲನಚಿತ್ರವನ್ನಾಗಿಯೂ ಮಾಡಿದರು. ಆ ನೋವಿನ ಬಗ್ಗೆ ನಮ್ಮಲ್ಲಿ ಸಾಕಷ್ಟು ಬರೆಹಗಳು ಬಂದಿವೆ. ನಾನು ಈ ಹೊತ್ತು ಹೇಳಹೊರಟದ್ದು ಯಾರೂ ಅಷ್ಟಾಗಿ ಬರೆಯದ, ಬಚ್ಚಲುಮನೆಯ ಬಾಗಿಲು ಮುಚ್ಚಿಕೊಂಡು ನಡೆಯುವ ಒಂದು ಸಂಗತಿಯನ್ನು. ಅದೇ ಮೈಗೂದಲಿನ ಸಂಗತಿ.

ಹಳಗನ್ನಡದಲ್ಲಿ ‘ಬಾಸೆ’ ಎಂದೊಂದು ಶಬ್ದವಿದೆ. ಮಾತು ಎಂಬರ್ಥದ ಭಾಷೆಯಲ್ಲ, ಆಣೆ ಎಂಬರ್ಥದ ಬಾಸೆಯೂ ಅಲ್ಲ. ಹೊಕ್ಕುಳಿನಿಂದ ಮೇಲಕ್ಕೆ ಎದೆಯ ಕಡೆಗೆ ಏರುವ ನವುರಾದ ಕೂದಲಿನ ಸಾಲಿಗೆ ನಮ್ಮ ಪೂರ್ವಿಕರು ಕೊಟ್ಟ ಹೆಸರು ಅದು. ಸಂಸ್ಕೃತದಲ್ಲಿ ರೋಮರಾಜಿ, ರೋಮಾವಳಿ. ಇಂದು ಕಿಟ್ಟೆಲ್ ಕೋಶವನ್ನು ಬಿಚ್ಚದೆ ಈ ಅರ್ಥ ಯಾರಿಗೂ ತಿಳಿಯದು. ಆದರೆ ಅಂದಿನ ಕವಿಗೆ ಹೆಣ್ಣಿನ ಚೆಲುವನ್ನು ಅಡಿಯಿಂದ ಮುಡಿಯವರೆಗೆ ಬಣ್ಣಿಸುವಾಗ ಬಾಸೆಯನ್ನು ಬಿಟ್ಟರೆ ವರ್ಣನೆ ಕುಂಟಿದಂತೆ. ಸಣ್ಣ ನಡು, ಮೂರು ಮಡಿಕೆಯ ತ್ರಿವಳಿ, ಆಳವಾದ ಹೊಕ್ಕುಳು, ಅದರಿಂದ ಮೇಲೇಳುವ ಬಾಸೆ: ಇದು ಕಟ್ಟಿಟ್ಟ ಕ್ರಮ.

ಅದಕ್ಕೆ ಹುಡುಕಿದ ಹೋಲಿಕೆಗಳಾದರೂ ಎಷ್ಟು! ಜೇನಿನ ವಾಸನೆ ಹಿಡಿದು ಹೊರಟ ಇರುವೆಯ ಸಾಲು ಎಂದನೊಬ್ಬ. ದುಂಬಿಗಳ ಹಿಂಡು ಎಂದನಿನ್ನೊಬ್ಬ. ಹೊಕ್ಕುಳೆಂಬ ಹುತ್ತದಿಂದ ಹೊರಟ ಕರಿಯ ಹಾವು, ಇಂದ್ರನೀಲದ ಕಡ್ಡಿ, ಯಮುನೆಯ ಸಣ್ಣ ಹರಿವು. ಕೂದಲು ಕಪ್ಪಾಗಿರಬೇಕು, ಸಾಲು ತೆಳುವಾಗಿರಬೇಕು, ನೇರವಾಗಿರಬೇಕು. ಅದು ಹುಡುಗಿ ಹರೆಯಕ್ಕೆ ಬಂದುದರ ಗುರುತು. ಬಾಲ್ಯ ಮುಗಿದು ಯೌವನ ಕಾಲಿಟ್ಟ ಮೊದಲ ಹೆಜ್ಜೆಯಂತೆ ಕವಿಗಳು ಅದನ್ನು ಕಂಡರು.

ಇದು ಶೃಂಗಾರ ಕಾವ್ಯದ ಮಾತಾಯಿತು ಎನ್ನಬಹುದು. ಹಾಗಾದರೆ ದೇವರ ಮನೆಗೆ ಬನ್ನಿ. ಶೃಂಗೇರಿಯಿರುವ ಜಿಲ್ಲೆ ನಮ್ಮದು. ಶುಕ್ರವಾರ ಬೆಳಿಗ್ಗೆ ಸೌಂದರ್ಯಲಹರಿ ಕೇಳದ ಮನೆ ನಮ್ಮ ಬೀದಿಯಲ್ಲಿ ಇರಲಿಲ್ಲ. ಶಂಕರಾಚಾರ್ಯರ ಹೆಸರಿನಲ್ಲಿ ನಡೆದುಬಂದಿರುವ ಆ ಸ್ತೋತ್ರದ 76 ಮತ್ತು 77ನೆಯ ಶ್ಲೋಕಗಳು ಎರಡೂ ದೇವಿಯ ರೋಮಾವಳಿಯನ್ನು ಕುರಿತವು. ಮೊದಲನೆಯದರ ಕಲ್ಪನೆ ಹೀಗಿದೆ: ಹರನ ಕೋಪಾಗ್ನಿ ಮೈಯನ್ನು ಸುಡುತ್ತಿರಲು ಮನ್ಮಥನು ತಾಳಲಾರದೆ ಓಡಿಬಂದು ದೇವಿಯ ಹೊಕ್ಕುಳೆಂಬ ಆಳವಾದ ಕೊಳಕ್ಕೆ ಧುಮುಕಿದ. ಉರಿಯುವ ಕೊಳ್ಳಿಯನ್ನು ನೀರಿಗೆ ಅದ್ದಿದರೆ ಏನಾಗುತ್ತದೆ? ಹೊಗೆ ಏಳುತ್ತದೆ. ಬಳ್ಳಿಯ ಹಾಗೆ ಮೇಲೆದ್ದ ಆ ಹೊಗೆಯನ್ನೇ, ತಾಯಿ, ಜನ ನಿನ್ನ ರೋಮಾವಳಿಯೆಂದು ತಿಳಿದಿದ್ದಾರೆ. ಎರಡನೆಯ ಶ್ಲೋಕ ಅದನ್ನೇ ಯಮುನೆಯ ಸಣ್ಣ ತೆರೆಗೆ ಹೋಲಿಸುತ್ತದೆ. ಜಗನ್ಮಾತೆಗೂ ಮೈಗೂದಲುಂಟು. ಭಕ್ತನಿಗೆ ಅದು ಮುಜುಗರವಲ್ಲ, ಧ್ಯಾನದ ವಸ್ತು.

ಹಾಗೆಂದು ಹಿಂದಿನವರು ಬಹಳ ಉದಾರಿಗಳು ಎಂದು ನಾನು ಸಾಧಿಸಹೊರಟಿಲ್ಲ. ಕವಿ ಮೆಚ್ಚಿದ್ದು ಒಂದೇ ಒಂದು ಗೆರೆಯನ್ನು. ಆ ಗೆರೆಯ ಆಚೀಚೆ ಕೂದಲು ಬೆಳೆದರೆ ಅವನೂ ಮುಖ ತಿರುಗಿಸುವವನೇ. ಬೇಲೂರಿನ ದರ್ಪಣಸುಂದರಿಯ ತೋಳು, ಕಾಲುಗಳನ್ನು ನೋಡಿ. ಒಡವೆಯ ಒಂದೊಂದು ಮಣಿಯನ್ನೂ ಕೆತ್ತಿದ ಶಿಲ್ಪಿ ಅಲ್ಲಿ ಒಂದು ಕೂದಲನ್ನೂ ಬಿಡಿಸಲಿಲ್ಲ. ಬೆಳಗೊಳದ ಗೊಮ್ಮಟನ ಮೈ ಮೇಲೆ ಬಳ್ಳಿ ಹಬ್ಬಿದೆ, ರೋಮವಿಲ್ಲ. ಆದರೆ ಕಲ್ಲಿಗೆ ಹೆಣ್ಣು ನೋಡುವ ಶಾಸ್ತ್ರವಿಲ್ಲ. ಆ ಶಾಸ್ತ್ರವಿದ್ದದ್ದು ಪುಸ್ತಕದಲ್ಲಿ.

ಮನುಸ್ಮೃತಿಯ 3ನೆಯ ಅಧ್ಯಾಯವು ಯಾವ ಕನ್ಯೆಯನ್ನು ತರಬೇಕು, ಯಾರನ್ನು ತರಬಾರದು ಎಂದು ವಿಧಿಸುವಾಗ ಮೈಗೂದಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕೂದಲು ವಿಪರೀತವಾಗಿರುವವಳು ಬೇಡ ಎನ್ನುತ್ತದೆ. ಅದೇ ಉಸಿರಿನಲ್ಲಿ ಕೂದಲೇ ಇಲ್ಲದವಳೂ ಬೇಡ ಎನ್ನುತ್ತದೆ. ಎರಡು ಶ್ಲೋಕದ ನಂತರ ಬೇಕಾದ ಕನ್ಯೆಯ ಲಕ್ಷಣ ಬರುತ್ತದೆ: ಮೈಗೂದಲು ತೆಳ್ಳಗೆ, ನಯವಾಗಿರಬೇಕು. ಅಂದರೆ ಇರಬೇಕು, ಕಾಣಬಾರದು. ವರಾಹಮಿಹಿರನು 6ನೆಯ ಶತಮಾನದ ಬೃಹತ್ಸಂಹಿತೆಯಲ್ಲಿ ಕನ್ಯೆಯ ಕಣಕಾಲು ರೋಮವಿಲ್ಲದೆ ದುಂಡಗಿರಬೇಕು ಎಂದ. ಗಂಡಸಿನ ಕಾಲನ್ನೂ ಅವನು ಬಿಡಲಿಲ್ಲ. ಒಂದು ರೋಮಕೂಪದಲ್ಲಿ ಒಂದೇ ಕೂದಲಿದ್ದರೆ ಅವನು ರಾಜ. ಎರಡಿದ್ದರೆ ಪಂಡಿತ, ಶ್ರೋತ್ರಿಯ. ಮೂರು ಅಥವಾ ಹೆಚ್ಚಿದ್ದರೆ ದರಿದ್ರ. ನಾನು ಕಾಲೇಜಿನಲ್ಲಿ ಇದನ್ನು ಓದಿದ ದಿನ ನನ್ನ ಕಾಲನ್ನು ದೀಪದ ಬುಡದಲ್ಲಿ ಪರೀಕ್ಷಿಸಿಕೊಂಡದ್ದುಂಟು. ಫಲ ಏನೆಂದು ಹೇಳುವುದಿಲ್ಲ, ಪಿಂಚಣಿಯಲ್ಲಿ ಬದುಕುತ್ತಿದ್ದೇನೆ. ಗಂಡು ನೋಡಲು ಬಂದವರು ಅವನ ಪಂಚೆಯನ್ನು ಮೇಲೆತ್ತಿಸಿ ರೋಮ ಎಣಿಸಿದ್ದನ್ನು ಮಾತ್ರ ನಾನು ಕೇಳಿಲ್ಲ.

ಗಂಡಸರ ಮೇಲೆ ಒತ್ತಾಯವೇ ಇರಲಿಲ್ಲವೆಂದಲ್ಲ. ವಾತ್ಸ್ಯಾಯನನ ನಾಗರಕನು ದಿನವೂ ಮೀಯಬೇಕು, ನಾಲ್ಕು ದಿನಕ್ಕೊಮ್ಮೆ ಮುಖಕ್ಷೌರ, ಐದು ಅಥವಾ ಹತ್ತು ದಿನಕ್ಕೊಮ್ಮೆ ಗುಪ್ತಾಂಗದ ಕ್ಷೌರ ಮಾಡಿಕೊಳ್ಳಬೇಕು. ಚರಕನು ಹದಿನೈದು ದಿನಕ್ಕೆ ಮೂರು ಬಾರಿ ಕೂದಲು, ಗಡ್ಡ, ಮೈರೋಮ, ಉಗುರು ತೆಗೆಸಬೇಕೆಂದ. ನಮ್ಮೂರಿನ ಕ್ಷೌರಿಕರು ಹಡಪವನ್ನು ಬಗಲಿಗಿಟ್ಟುಕೊಂಡು ಬಂದು ತೆಂಗಿನ ಮರದ ನೆರಳಿನಲ್ಲಿ ಕೂರಿಸಿ, ಕತ್ತಿಯನ್ನು ಮೊದಲು ಸಾಣೆಕಲ್ಲಿಗೆ, ಆಮೇಲೆ ತೊಗಲಿನ ಪಟ್ಟಿಗೆ ಉಜ್ಜಿ, ತಲೆ ಗಡ್ಡ ಮುಗಿಸಿದ ಮೇಲೆ ತಾವಾಗಿಯೇ ‘ಕೈ ಎತ್ತಿ ಸ್ವಾಮಿ’ ಎನ್ನುತ್ತಿದ್ದರು. ಕಂಕುಳು ಅವರ ಕೆಲಸದ ಭಾಗವೇ ಆಗಿತ್ತು. ಸುಗ್ಗಿಯಲ್ಲಿ ಅಳೆದುಕೊಡುತ್ತಿದ್ದ ರಾಗಿಯಲ್ಲಿ ಅದರ ಕೂಲಿಯೂ ಸೇರಿತ್ತು. ಮಂಗಳವಾರ ಅವರು ಬರುತ್ತಿರಲಿಲ್ಲ. ಇಂದಿಗೂ ನಮ್ಮ ಕಡೆ ಕ್ಷೌರದಂಗಡಿಗಳಿಗೆ ಮಂಗಳವಾರವೇ ರಜೆ. ಮೀಸೆಯ ವಿಚಾರ ಬೇರೆ. ಅದು ಜಾತಿ, ವೃತ್ತಿ, ಊರಿನ ಗೌಡಿಕೆ ಎಲ್ಲವನ್ನೂ ಹೊತ್ತ ಕೂದಲು. ಜಟ್ಟಿ ಜಾರಿ ಬಿದ್ದರೂ ಮಣ್ಣಾಗಬಾರದ್ದು ಅದೊಂದೇ ಎಂಬ ಗಾದೆಯೇ ಇದೆ. ಒಟ್ಟಿನಲ್ಲಿ ಗಂಡಸಿನ ಕೂದಲಿಗೆ ಊರಿನ ಬಯಲಿನಲ್ಲಿ, ಹಗಲು ಹೊತ್ತಿನಲ್ಲಿ ಏರ್ಪಾಡಿತ್ತು. ಕತ್ತಿ ಹಿಡಿಯಲು ಪಳಗಿದ ಕೈಯಿತ್ತು.

ಹೆಂಗಸರಿಗೆ ಅಂಥ ಕೈ ಇರಲಿಲ್ಲ. ಅವರಿಗಿದ್ದದ್ದು ಅಡಿಗೆಮನೆ. ಹೆಣ್ಣು ಮಗು ಹುಟ್ಟಿದ ವಾರದಿಂದಲೇ ಕೆಲಸ ಆರಂಭ. ಕಡಲೆಹಿಟ್ಟಿಗೆ ಅರಿಸಿನ, ಹಾಲಿನ ಕೆನೆ ಕಲಸಿ ಮಗುವಿನ ಹಣೆ, ಬೆನ್ನು, ತೋಳುಗಳ ಮೇಲೆ ಉಜ್ಜುತ್ತಿದ್ದರು. ಗೋಧಿಹಿಟ್ಟಿನ ಕಣಕವನ್ನು ಎಣ್ಣೆ ಹಚ್ಚಿದ ಮೈಮೇಲೆ ಉರುಳಿಸುವುದೂ ಉಂಟು. ಗಂಡು ಮಗುವಿಗೆ ಈ ಉಪಚಾರವಿಲ್ಲ, ಅಥವಾ ಬೇಗ ಮುಗಿಯುತ್ತಿತ್ತು. ಎರಡು ಮೂರು ತಿಂಗಳಲ್ಲಿ ಮಗುವಿನ ಮೈ ನುಣುಪಾದಾಗ ಅಜ್ಜಿಯರು ತಮ್ಮ ಕೈಗುಣವನ್ನು ಹೊಗಳಿಕೊಳ್ಳುತ್ತಿದ್ದರು. ವೈದ್ಯರು ಹೇಳುವುದೇ ಬೇರೆ. ಗರ್ಭದಲ್ಲಿ ಮೂಡಿದ ನವುರುಗೂದಲು ಹುಟ್ಟಿದ ಕೆಲವು ವಾರಗಳಲ್ಲಿ ತಾನಾಗಿಯೇ ಉದುರಿಹೋಗುತ್ತದೆ. ಉಜ್ಜಿದರೂ ಉಜ್ಜದಿದ್ದರೂ ಗಂಡಿಗೂ ಹೆಣ್ಣಿಗೂ ಒಂದೇ. ಹಿಟ್ಟು ಎಳೆದದ್ದು ಒಂದಷ್ಟು ಎಳೆಗಳನ್ನು ಮಾತ್ರ; ಬೇರು ಒಳಗೆ ಇದ್ದೇ ಇರುತ್ತದೆ. ಹನ್ನೆರಡು ಹದಿಮೂರನೆಯ ವರ್ಷದಲ್ಲಿ ಮೈಯೊಳಗಿನ ರಸದೂತಗಳು ಎದ್ದಾಗ, ಅದೇ ಬೇರುಗಳು ಕಾಣದಂತಿದ್ದ ನವುರನ್ನು ಬಿಟ್ಟು ಕರಿಯ ಗಟ್ಟಿ ಕೂದಲನ್ನು ಹೊರಗೆ ಕಳಿಸುತ್ತವೆ. ಗಂಡಸಿನ ರಸವೆಂದು ನಾವು ಕರೆಯುವುದು ಹೆಣ್ಣಿನ ಮೈಯಲ್ಲಿಯೂ ಸ್ವಲ್ಪ ಪ್ರಮಾಣದಲ್ಲಿ ಹರಿಯುತ್ತದೆ. ಅದಕ್ಕೆ ಯಾರ ಬೇರು ಎಷ್ಟು ಓಗೊಡುತ್ತದೆ ಎಂಬುದು ವಂಶದಿಂದ ಬಂದ ಸ್ವಭಾವ.

ಅರಿಸಿನದ ಗುಟ್ಟೂ ಅಷ್ಟೆ. ಹರೆಯದ ಹುಡುಗಿಯರು ಕಸ್ತೂರಿ ಅರಿಸಿನವನ್ನು ಕಲ್ಲಿನ ಮೇಲೆ ತೇಯ್ದು ಮುಖಕ್ಕೆ ಹಚ್ಚುತ್ತಿದ್ದರು. ಅದು ಕೂದಲನ್ನು ಉದುರಿಸುವುದಕ್ಕಿಂತ ಹೆಚ್ಚಾಗಿ ಮರೆಸುತ್ತದೆ. ಕಪ್ಪು ಎಳೆಗೆ ಹೊಂಬಣ್ಣ ಹಿಡಿದರೆ ಅದು ಚರ್ಮದ ಬಣ್ಣದಲ್ಲಿ ಕರಗಿಹೋಗುತ್ತದೆ; ಒಣಗಿದ ಲೇಪವನ್ನು ಉಜ್ಜಿ ತೆಗೆಯುವಾಗ ನಾಲ್ಕೆಳೆ ಬಂದರೆ ಬಂದಾವು. ನೂರಾರು ವರ್ಷ ಹೆಂಗಸರು ಇದರಲ್ಲಿ ತೃಪ್ತಿ ಪಟ್ಟುಕೊಂಡರು, ಏಕೆಂದರೆ ಇದರಿಂದ ಹಾನಿಯಿರಲಿಲ್ಲ. ತೃಪ್ತಿಯಾಗದವರ ಕಥೆ ಬೇರೆಯಾಗುತ್ತಿತ್ತು.

ಅಂಥದೊಂದು ಕಥೆ ನಮ್ಮ ಮನೆಯದೇ. ನನ್ನ ದೊಡ್ಡಮ್ಮನ ಮಗಳು ನನಗಿಂತ ಏಳು ವರ್ಷ ದೊಡ್ಡವಳು. ಅಕ್ಕನೆಂದೇ ಕರೆಯುತ್ತೇನೆ. 1960ರ ದಶಕದ ಆರಂಭದಲ್ಲಿ, ಅವಳಿಗೆ ಹದಿನೇಳು ತುಂಬಿದ ವರ್ಷ, ಹೆಣ್ಣು ನೋಡಲು ಒಂದು ಕಡೆಯವರು ಬಂದರು. ಸಂಜೆಯ ಹೊತ್ತು, ಲಾಟೀನಿನ ಬೆಳಕು. ಅಕ್ಕ ಕಾಫಿಯ ತಟ್ಟೆ ಹಿಡಿದು ಬಂದಳು, ಒಂದು ದೇವರನಾಮ ಹಾಡಿದಳು. ಉಪ್ಪಿಟ್ಟು ಮುಗಿಯಿತು. ಬಂದವರಲ್ಲಿ ಹಿರಿಯಳಾದ ಒಬ್ಬ ಹೆಂಗಸು ಲಾಟೀನನ್ನು ತುಸು ಮುಂದಕ್ಕೆ ಸರಿಸಿ ಅಕ್ಕನ ಮುಖವನ್ನು ನೋಡಿ, ನಗುನಗುತ್ತಲೇ, ‘ಹುಡುಗಿ ಲಕ್ಷಣವಾಗಿದಾಳೆ. ಆದ್ರೆ ನಮ್ಮ ಹುಡುಗನಿಗಿಂತ ಮೀಸೆ ಇವಳಿಗೇ ಚೆನ್ನಾಗಿ ಬಂದಿದೆಯಲ್ಲ’ ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆನೆಂದು ಕಾಣುತ್ತದೆ. ಹತ್ತು ವರ್ಷದ ಹುಡುಗ. ಅಕ್ಕ ನಗಲಿಲ್ಲ. ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು.

ಅವಳ ಮೇಲ್ದುಟಿಯ ಮೇಲೆ ಇದ್ದದ್ದು ಹದಿನೇಳರ ಅನೇಕ ಹುಡುಗಿಯರಿಗೆ ಇರುವಷ್ಟು ನವುರು. ಬಿಸಿಲಿನಲ್ಲಿ ಕಾಣದು; ಪಕ್ಕದಿಂದ ಬೀಳುವ ಲಾಟೀನಿನ ಬೆಳಕಿನಲ್ಲಿ ಒಂದೊಂದು ಎಳೆಗೂ ನೆರಳು ಹುಟ್ಟುತ್ತದೆ. ಮನೆಯಲ್ಲಿ ಯಾರೂ ಇದನ್ನು ಯೋಚಿಸಲಿಲ್ಲ. ಮುಂದಿನ ಸಂತೆಯಲ್ಲಿ ಬೇರು ನಾರು ಮಾರುವವನೊಬ್ಬನಿಂದ ಒಂದು ಹಳದಿ ಪುಡಿ ಮನೆಗೆ ಬಂತು. ಸುಣ್ಣದ ಜೊತೆ ನೀರಿನಲ್ಲಿ ಕಲಸಿ ಹಚ್ಚಬೇಕು, ಒಣಗಿದ ಮೇಲೆ ತೊಳೆಯಬೇಕು ಎಂದು ಅವನು ಹೇಳಿದನಂತೆ.

ಆ ಹಳದಿ ಪುಡಿ ಅರದಾಳ. ಸಂಸ್ಕೃತದ ಹರಿತಾಳ. ನೋಡಲು ಚೆಲುವಾದ ಹೊನ್ನಿನ ಬಣ್ಣ. ಗಂಧಕವೂ ಪಾಷಾಣವೂ ಕೂಡಿದ ಖನಿಜ. ಯೋಗವೇನೂ ಹೊಸದಲ್ಲ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯದಲ್ಲಿಯೇ ಇದೆ: ಶಂಖದ ಸುಣ್ಣ ಎರಡು ಭಾಗ, ಹರಿತಾಳ ಒಂದು ಭಾಗ, ಹುಳಿಹಿಡಿದ ಕಾಡಿಯಲ್ಲಿ ಅರೆದು ಲೇಪಿಸಿದರೆ ರೋಮ ಉದುರುತ್ತದೆ. ಆದರೆ ಸುಶ್ರುತನು ಅದನ್ನು ಬರೆದದ್ದು ಯಾರ ಚೆಲುವಿಗಾಗಿಯೂ ಅಲ್ಲ. ಹುಣ್ಣಿನ ಸುತ್ತ ಕೂದಲು ಮುತ್ತಿಕೊಂಡರೆ ಗಾಯ ಮಾಯುವುದಿಲ್ಲ. ಆದ್ದರಿಂದ ಕತ್ತಿ, ಕತ್ತರಿ, ಚಿಮಟಗಳಿಂದ ತೆಗೆಯಬೇಕು, ಇಲ್ಲವೆ ಈ ಲೇಪ ಹಾಕಬೇಕು. ಅದೇ ಅಧ್ಯಾಯದಲ್ಲಿ, ಮಾಯ್ದ ಗಾಯದ ಮೇಲೆ ಕೂದಲನ್ನು ಮತ್ತೆ ಬರಿಸುವ ಔಷಧವೂ ಇದೆ: ಆನೆಯ ದಂತವನ್ನು ಸುಟ್ಟ ಮಸಿ ಮತ್ತು ರಸಾಂಜನ. ಅದನ್ನು ಹಚ್ಚಿದರೆ ಅಂಗೈಯಲ್ಲಿಯೂ ಕೂದಲು ಬರುತ್ತದೆ ಎಂದು ಹೇಳುವಾಗ ಸುಶ್ರುತನೂ ಸಂತೆಯ ವ್ಯಾಪಾರಿಯಂತೆ ಸ್ವಲ್ಪ ದನಿಯೇರಿಸುತ್ತಾನೆ. ಅದಿರಲಿ. ಶಸ್ತ್ರವೈದ್ಯನಿಗೆ ಕೂದಲು ತೆಗೆಯಬೇಕಾದದ್ದೂ ಹೌದು, ಮರಳಿ ಕೊಡಬೇಕಾದದ್ದೂ ಹೌದು.

ಈ ಲೇಪ ಕೆಲಸ ಮಾಡುವ ಬಗೆಯನ್ನು ರಸಾಯನಶಾಸ್ತ್ರ ಬಿಡಿಸಿ ಹೇಳುತ್ತದೆ. ಕೂದಲಿಗೆ ಬಿಗಿ ಕೊಟ್ಟಿರುವುದು ಅದರೊಳಗೆ ಗಂಧಕದ ಕಣಗಳು ಒಂದಕ್ಕೊಂದು ಹಾಕಿಕೊಂಡಿರುವ ಕೊಂಡಿ. ಅರದಾಳವು ಸುಣ್ಣದೊಡನೆ ನೀರಿನಲ್ಲಿ ಕೂಡಿದಾಗ ಆ ಕೊಂಡಿಯನ್ನು ಬಿಡಿಸುವ ಕ್ಷಾರ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಲೇಪ ಕೆಲಸ ಆರಂಭಿಸಿತೆಂದು ತಿಳಿಯಬೇಕು. ಕೆಲವೇ ನಿಮಿಷಗಳಲ್ಲಿ ಕೂದಲು ಗಂಜಿಯಂತೆ ಮೆತ್ತಗಾಗುತ್ತದೆ. ಕೂಡಲೇ ಒರಸಿ ತೊಳೆಯಬೇಕು. ಅಪಾಯ ಇರುವುದು ಅಲ್ಲೇ. ಚರ್ಮದ ಮೇಲ್ಪದರವೂ ಕೂದಲಿನಂಥದೇ ದ್ರವ್ಯದಿಂದ ಆದದ್ದು. ಲೇಪಕ್ಕೆ ಕೂದಲು ಯಾವುದು, ತೊಗಲು ಯಾವುದು ಎಂಬ ಭೇದ ತಿಳಿಯದು. ಹೊತ್ತು ಮೀರಿದರೆ ಎರಡನ್ನೂ ತಿನ್ನುತ್ತದೆ. ತೊಗಲು ಒಡೆದ ಕಡೆ ಪಾಷಾಣವೂ ಒಳಗಿಳಿಯುತ್ತದೆ. ಉರಿ ಹತ್ತಿತೆಂದರೆ ಆಗಲೇ ತಡವಾಗಿದೆ ಎಂದು ಅರ್ಥ.

ಸಂತೆಯವನು ಒಣಗಲಿ ಎಂದಿದ್ದ. ಅಕ್ಕ ಒಣಗಿಸಿದಳು. ಉರಿಯನ್ನು ಹಲ್ಲುಕಚ್ಚಿ ಸಹಿಸಿದಳು; ಔಷಧ ಎಂದರೆ ಉರಿಯಲೇಬೇಕು ಎಂಬುದು ನಮ್ಮ ಮನೆಯ ನಂಬಿಕೆ. ತೊಳೆದಾಗ ಕೂದಲಿನ ಜೊತೆಗೆ ತೊಗಲೂ ಬಂತು. ಹದಿನೈದು ದಿನ ಬೆಣ್ಣೆ ಹಚ್ಚಿಕೊಂಡು ಕತ್ತಲೆಯ ಕೋಣೆಯಲ್ಲಿ ಇದ್ದಳು. ಮಾಯ್ದ ಮೇಲೆ ಮೇಲ್ದುಟಿಯ ಎಡಭಾಗದಲ್ಲಿ ಹುಣಿಸೆ ಬೀಜದಷ್ಟು ಅಗಲದ ಬಿಳಿಯ ಕಲೆ ಉಳಿಯಿತು. ಕೂದಲು ಎರಡು ತಿಂಗಳಲ್ಲಿ ಕಲೆಯ ಸುತ್ತ ಮತ್ತೆ ಬಂತು. ಬೇರು ಆಳದಲ್ಲಿತ್ತಲ್ಲ.

ಮುಂದಿನ ವರ್ಷ ಅವಳನ್ನು ಶಿವಮೊಗ್ಗದ ಒಬ್ಬ ಲೇಡಿ ಡಾಕ್ಟರಿಗೆ ತೋರಿಸಿದರು. ಆಕೆ ಕೇಳಿದ ಪ್ರಶ್ನೆಗಳನ್ನು ಅಕ್ಕ ಇಂದಿಗೂ ನೆನೆಯುತ್ತಾಳೆ. ಮುಟ್ಟು ಸರಿಯಾಗಿ ಆಗುತ್ತದೆಯೆ? ಕೂದಲು ಮೆಲ್ಲಮೆಲ್ಲನೆ ಬಂತೆ, ಕೆಲವೇ ತಿಂಗಳಲ್ಲಿ ಒಮ್ಮೆಲೇ ಬಂತೆ? ಗದ್ದ, ಎದೆ, ಬೆನ್ನಿನ ಮೇಲೆ ಗಟ್ಟಿ ಕೂದಲಿದೆಯೆ? ದನಿ ಒಡೆದಿದೆಯೆ? ತಾಯಿಗೂ ಅಜ್ಜಿಗೂ ಹೀಗೆಯೇ ಇತ್ತೆ? ಕೊನೆಯ ಪ್ರಶ್ನೆಗೆ ದೊಡ್ಡಮ್ಮ ತಲೆ ತಗ್ಗಿಸಿ ಹೌದೆಂದರಂತೆ. ಹಾಗಿದ್ದರೆ ಇದು ರೋಗವಲ್ಲ, ನಿಮ್ಮ ಮನೆತನದ ಒಡವೆ ಎಂದು ಡಾಕ್ಟರು ನಕ್ಕುಬಿಟ್ಟರು. ಬೇರೆ ಉತ್ತರ ಬಂದಿದ್ದರೆ ಅವರು ನಗುತ್ತಿರಲಿಲ್ಲ. ಮುಟ್ಟು ಏರುಪೇರಾಗಿ ಗದ್ದ, ಎದೆಯ ಮೇಲೆ ಗಟ್ಟಿ ಕೂದಲು ಬಂದರೆ ಅಂಡಾಶಯದ ತೊಂದರೆಯನ್ನು ನೋಡಬೇಕಾಗುತ್ತದೆ. ದನಿ ಒಡೆದು ತಿಂಗಳೊಪ್ಪತ್ತಿನಲ್ಲಿ ಕೂದಲು ನುಗ್ಗಿಬಂದರೆ ಗಡ್ಡೆಯ ಶಂಕೆ. 1961ರಲ್ಲಿ ಫೆರಿಮನ್ ಮತ್ತು ಗಾಲ್ವೇ ಎಂಬ ಇಬ್ಬರು ಮೈಯ ಹನ್ನೊಂದು ಜಾಗಗಳನ್ನು ಗುರುತಿಸಿ, ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಟ್ಟು ಕೂಡಿಸುವ ಕ್ರಮವೊಂದನ್ನು ತಂದರು. ಆಮೇಲೆ ಜಾಗಗಳು ಒಂಬತ್ತಕ್ಕೆ ಇಳಿದವು. ಮೇಲ್ದುಟಿ ಅದರಲ್ಲಿ ಒಂದು ಜಾಗ ಮಾತ್ರ. ಲಾಟೀನು ಹಿಡಿದ ಆ ಹೆಂಗಸಿನ ಪಟ್ಟಿಯಲ್ಲಿ ಇದ್ದದ್ದು ಅದೊಂದೇ ಜಾಗ, ಅಂಕವೂ ಒಂದೇ.

ಅಕ್ಕನ ಕಾಲಕ್ಕೆ ಪೇಟೆಯಲ್ಲಿ ಬೇರೆಯ ಗಾಳಿ ಬೀಸತೊಡಗಿತ್ತು. ಅಮೆರಿಕದಲ್ಲಿ 1915ರಲ್ಲಿಯೇ ಜಿಲೆಟ್ ಕಂಪನಿ ಹೆಂಗಸರಿಗೆಂದು ಪ್ರತ್ಯೇಕ ಕ್ಷೌರದ ಕತ್ತಿಯನ್ನು ಹೊರತಂದಿತ್ತು. ತೋಳಿಲ್ಲದ ಉಡುಪು ಬಂದದ್ದೂ, ಕಂಕುಳಿನ ಕೂದಲು ಅಸಹ್ಯವೆಂದು ಜಾಹೀರಾತುಗಳು ಸಾರಿದ್ದೂ ಅದೇ ಹೊತ್ತಿಗೆ. ನಮ್ಮಲ್ಲಿ ತೋಳಿಲ್ಲದ ರವಿಕೆ ಬೆಂಗಳೂರು, ಮೈಸೂರುಗಳ ಕಾಲೇಜುಗಳಿಗೆ ಬಂದಾಗ ಅದರ ಹಿಂದೆಯೇ ಆನ್ ಫ್ರೆಂಚ್ ಕೆನೆಯ ಜಾಹೀರಾತು ವಾರಪತ್ರಿಕೆಗಳಿಗೆ ಬಂತು. ಆ ಕೊಳವೆಯೊಳಗಿನ ಕೆನೆಯೂ ಗಂಧಕದ ಕೊಂಡಿಯನ್ನೇ ಬಿಡಿಸುತ್ತದೆ. ಅರದಾಳದ ಪಾಷಾಣ ಮಾತ್ರ ಇಲ್ಲ. ವಾಸನೆ ಬದಲಾಗಲಿಲ್ಲ, ಮಲ್ಲಿಗೆಯ ಪರಿಮಳ ಬೆರೆಸಿದರೂ ಅಡಿಯಲ್ಲಿ ಹಳೆಯ ಸಂತೆಯ ವಾಸನೆಯೇ. ಗಡಿಯಾರ ನೋಡಿಕೊಂಡು ತೊಳೆಯಬೇಕೆಂಬ ಎಚ್ಚರಿಕೆಯೂ ಅದೇ.

ಬೋಳಿಸಿದರೆ ಕೂದಲು ಇನ್ನೂ ದಪ್ಪಗೆ ಬರುತ್ತದೆ ಎಂಬ ಭಯ ಮಾತ್ರ ನಮ್ಮ ಹೆಂಗಸರನ್ನು ಬಹುಕಾಲ ಕತ್ತಿಯಿಂದ ದೂರ ಇಟ್ಟಿತು. ಮಿಲ್ಡ್ರೆಡ್ ಟ್ರಾಟರ್ ಎಂಬ ಅಮೆರಿಕದ ವಿದುಷಿ 1928ರಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. ಕೆಲವು ಗಂಡಸರ ಮುಖಕ್ಷೌರವನ್ನು ಗೊತ್ತಾದ ಕ್ರಮದಲ್ಲಿ ಮಾಡಿಸಿ, ಬಿದ್ದ ಕೂದಲನ್ನು ಸೂಕ್ಷ್ಮದರ್ಶಕದ ಕೆಳಗೆ ಅಳೆದು ನೋಡಿದರೆ ದಪ್ಪವೂ ಹೆಚ್ಚಿರಲಿಲ್ಲ, ಬೆಳೆಯುವ ವೇಗವೂ ಹೆಚ್ಚಿರಲಿಲ್ಲ. ತಾನಾಗಿ ಬೆಳೆದ ಕೂದಲಿನ ತುದಿ ಬತ್ತದ ಮುಳ್ಳಿನಂತೆ ಚೂಪು. ಕೊಯ್ದ ಕೂದಲಿನ ತುದಿ ಕೊಯ್ದ ಪೈರಿನ ಕೂಳೆಯಂತೆ ಮೊಂಡು. ಕೈಯಾಡಿಸಿದಾಗ ಒರಟೆನಿಸುವುದು ಆ ಮೊಂಡುತನ. ಕೂಳೆಯ ಮೇಲೆ ಬರಿಗಾಲಲ್ಲಿ ನಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈಚೆಗೆ ಗಂಡು ಹುಡುಗರ ಸರದಿ ಬಂದಿದೆ. ನನ್ನ ಹರೆಯದಲ್ಲಿ ಎದೆಯ ಮೇಲೆ ಕೂದಲಿಲ್ಲದವನು ಕೆರೆಯ ಏರಿಯ ಮೇಲೆ ಅಂಗಿ ಬಿಚ್ಚಲು ನಾಚುತ್ತಿದ್ದ. ನನ್ನ ಮೊಮ್ಮಗ ಮೇಣ ಹಚ್ಚಿಸಿ ಎದೆಯದನ್ನು ಕೀಳಿಸಿಕೊಂಡು ಬಂದು ಎರಡು ದಿನ ಅಂಗಿ ಹಾಕಲಾರದೆ ಒದ್ದಾಡಿದ. ಕತ್ತಿಯಿಲ್ಲದೆ, ಬೇರುಸಹಿತ. ಪಾಂಬಬ್ಬೆಯ ವಿಧಾನವೇ, ವೈರಾಗ್ಯ ಮಾತ್ರ ಇಲ್ಲ, ಕಾಸೂ ಕೊಡಬೇಕು.

ಅಕ್ಕನಿಗೆ ಮದುವೆಯಾಯಿತು, ಇಪ್ಪತ್ನಾಲ್ಕನೆಯ ವರ್ಷದಲ್ಲಿ. ಭಾವನವರು ಮೇಷ್ಟರು, ಸಾಧು ಮನುಷ್ಯರು; ಆ ಕಲೆಯನ್ನು ಕುರಿತು ಒಂದು ದಿನವೂ ಕೇಳಿದವರಲ್ಲ ಎಂದು ಅವಳೇ ಹೇಳುತ್ತಾಳೆ. ಆದರೆ ನೆಂಟರ ಮನೆಯ ಶುಭಕಾರ್ಯಗಳಲ್ಲಿ ಅವಳು ಸೆರಗಿನ ತುದಿಯನ್ನು ತುಟಿಯ ಬಳಿ ಹಿಡಿದೇ ಮಾತನಾಡುವುದನ್ನು ನಾನು ಅರವತ್ತು ವರ್ಷದಿಂದ ನೋಡುತ್ತಾ ಬಂದಿದ್ದೇನೆ. ಎಷ್ಟೋ ಜನ ಅದನ್ನು ವಿನಯ ಎಂದುಕೊಂಡಿದ್ದಾರೆ.

ಹೋದ ನವರಾತ್ರಿಯಲ್ಲಿ ಯಗಟಿಗೆ ಹೋಗಿದ್ದೆ. ಎಂಬತ್ತು ದಾಟಿದ ಅಕ್ಕ ದೇವರ ಮುಂದೆ ಕುಳಿತು ಸೌಂದರ್ಯಲಹರಿ ಹೇಳುತ್ತಿದ್ದಳು. ಬಾಯಿಪಾಠ, ಎಲ್ಲಿಯೂ ತಡವರಿಸುವುದಿಲ್ಲ. ಮುಗಿದ ಮೇಲೆ ನಾನು 76ನೆಯ ಶ್ಲೋಕದ ಅರ್ಥ ಗೊತ್ತೇ ಎಂದು ಕೇಳಿದೆ. ‘ಅರ್ಥ ಯಾರು ಹೇಳಿಕೊಟ್ಟರೋ ನಮಗೆ? ಹೇಳು’ ಎಂದಳು. ಮನ್ಮಥ ಬೆಂದದ್ದು, ಹೊಕ್ಕುಳಿನ ಕೊಳ, ಮೇಲೆದ್ದ ಹೊಗೆ, ಎಲ್ಲವನ್ನೂ ಬಿಡಿಸಿ ಹೇಳಿದೆ. ಹಳಗನ್ನಡದಲ್ಲಿ ಅದಕ್ಕೆ ಬಾಸೆ ಎಂಬ ಹೆಸರಿದೆ ಎಂದೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಅಮ್ಮನವರ ಪಟವನ್ನೇ ನೋಡುತ್ತ ಕುಳಿತಳು. ಆಮೇಲೆ ಸೆರಗನ್ನು ಕೆಳಗೆ ಬಿಟ್ಟು ನಕ್ಕಳು.

‘ಹಾಗಾದ್ರೆ ಇವಳನ್ನ ನೋಡೋಕೆ ಬಂದವರು ಏನಂದಿರಬೇಕು ಕಣೋ?’ ಎಂದಳು.